ಐದು ಪುಟದ ರೆಸ್ಯೂಮ್ ಎರಡು ಪುಟಕ್ಕೆ ಇಳಿಯುವುದು ಹೇಗೆ: ಒಬ್ಬ ಎಸ್ಟೇಟ್ ರೈಟರ್ ಉದಾಹರಣೆ

ಕಾಫಿ ಸೀಮೆಯಲ್ಲಿ ರೈಟರ್ ಆಗಿ, ಅಂದರೆ ಎಸ್ಟೇಟಿನ ಲೆಕ್ಕಪತ್ರದ ಕೆಲಸ ಮಾಡಿದವರ ರೆಸ್ಯೂಮ್ ಉದ್ದ ಆಗುವುದಕ್ಕೆ ಒಂದು ಕಾರಣ ಇದೆ. ಹತ್ತು ಹದಿನೈದು ವರ್ಷದಲ್ಲಿ ಒಬ್ಬರು ಮೂರ್ನಾಲ್ಕು ಎಸ್ಟೇಟ್ ನೋಡಿರುತ್ತಾರೆ. ಎಸ್ಟೇಟ್ ಬದಲಾಗುತ್ತದೆ, ಕೆಲಸ ಅದೇ. ಹಾಜರಿ ಬರೆಯುವುದು, ಕೂಲಿ ಬಟವಾಡೆ ಮಾಡುವುದು, ಕೊಯ್ಲಿನ ತೂಕ ಹಾಕಿಕೊಳ್ಳುವುದು, ಗೊಬ್ಬರ ಡೀಸೆಲ್ ಲೆಕ್ಕ. ಪ್ರತಿ ಸಲ ಕೆಲಸ ಬಿಟ್ಟಾಗಲೂ ಹಳೇ ರೆಸ್ಯೂಮ್ ತೆಗೆದು, ಅದೇ ಹನ್ನೆರಡು ಸಾಲನ್ನು ಹೊಸ ಎಸ್ಟೇಟ್ ಹೆಸರಿನ ಕೆಳಗೆ ಅಂಟಿಸುತ್ತಾರೆ. ಹಾಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಕಡಿಮೆ ಮಾಡುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಇಲ್ಲಿ ಒಂದೇ ಒಂದು ರೆಸ್ಯೂಮನ್ನು ಹಿಡಿದು ಕೊನೆಯವರೆಗೆ ನೋಡೋಣ. ಇದು ಯಾರೋ ಒಬ್ಬರದ್ದಲ್ಲ. ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ರೆಸ್ಯೂಮ್‌ಗಳನ್ನು ಸೇರಿಸಿ ಮಾಡಿಕೊಂಡ ಉದಾಹರಣೆ. ನಿಜವಾದ ರೆಸ್ಯೂಮ್ ಇಂಗ್ಲಿಷಿನಲ್ಲಿ ಇರುತ್ತದೆ, ಓದಲು ಸುಲಭ ಆಗಲಿ ಎಂದು ಇಲ್ಲಿ ಸಾಲುಗಳನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ.

ಇವರು ಮೂಡಿಗೆರೆ ಕಡೆಯವರು. 2003ರಲ್ಲಿ ಬಿ.ಕಾಂ. ಮುಗಿಸಿದ್ದಾರೆ. ಮೊದಲ ಎರಡು ವರ್ಷ ಚಿಕ್ಕಮಗಳೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿಕೊಟ್ಟರು. ಆಮೇಲೆ ಒಂದು ವರ್ಷ ಮೊಬೈಲ್ ಸಿಮ್ ವಿತರಕರ ಹತ್ತಿರ ಅಂಗಡಿ ಅಂಗಡಿ ಸುತ್ತಿ ದುಡ್ಡು ವಸೂಲಿ ಮಾಡುವ ಕೆಲಸ. 2006ರಿಂದ 2010ರವರೆಗೆ ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ರೈಟರ್. 2010ರಿಂದ 2013 ಆಲ್ದೂರು ಕಡೆ ಇನ್ನೊಂದು ಎಸ್ಟೇಟ್. 2013ರಿಂದ 2017 ಸಕಲೇಶಪುರದ ಹತ್ತಿರ ಮತ್ತೊಂದು, ಅಲ್ಲಿ ಹಿರಿಯ ರೈಟರ್. 2017ರಿಂದ 2020 ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಗೋಡೌನಿನಲ್ಲಿ ಲೆಕ್ಕ. 2020ರಿಂದ ಈಗಿನವರೆಗೆ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್. ಈಗ ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಅಕೌಂಟ್ಸ್ ಮ್ಯಾನೇಜರ್ ಬೇಕಾಗಿದೆ, ಅದಕ್ಕೆ ಅರ್ಜಿ ಹಾಕುತ್ತಿದ್ದಾರೆ. ರೆಸ್ಯೂಮ್ ಐದು ಪುಟ.

ಇಂಥವರಿಗೆ "ಸ್ವಲ್ಪ ಕಡಿಮೆ ಮಾಡಿ" ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. "ಇದರಲ್ಲಿ ಬೇಡದ್ದು ಏನಿದೆ ಸಾರ್? ಎಲ್ಲಾ ನಾನೇ ಮಾಡಿರೋದು." ಮಾತು ನಿಜ. ಆದರೆ ರೆಸ್ಯೂಮಿನಲ್ಲಿ ಒಂದು ಸಾಲು ಉಳಿಯಬೇಕೋ ಹೋಗಬೇಕೋ ಎಂದು ತೀರ್ಮಾನಿಸುವಾಗ, ಅದನ್ನು ಮಾಡಿದ್ದು ನಿಜವೇ ಎಂಬ ಪ್ರಶ್ನೆ ಸಾಕಾಗುವುದಿಲ್ಲ. ಈ ಸಾಲು ಇಲ್ಲದಿದ್ದರೆ ಹಾಸನದಲ್ಲಿ ಓದುವವರು ಇವರನ್ನು ಸಂದರ್ಶನಕ್ಕೆ ಕರೆಯದೇ ಇರುತ್ತಾರಾ? ಹೌದು ಎಂದಾದರೆ ಸಾಲು ಉಳಿಯಲಿ. ಏನೂ ವ್ಯತ್ಯಾಸ ಆಗದು ಎಂದಾದರೆ ಹೋಗಲಿ.

ಈ ಪ್ರಶ್ನೆ ಕೇಳಬೇಕಾದರೆ ಮೊದಲು ಕೆಲಸದ ಜಾಹೀರಾತು ಪಕ್ಕದಲ್ಲಿ ಇರಬೇಕು. ಬಹಳ ಜನ ಇದನ್ನೇ ಮಾಡುವುದಿಲ್ಲ. ಜಾಹೀರಾತು ಓದಿ, ಫೋನ್ ನಂಬರ್ ಬರೆದುಕೊಂಡು ಅಲ್ಲಿಗೇ ಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅವರು ಕೇಳಿರುವುದು ಇಷ್ಟು: ಸ್ಟಾಕ್ ಲೆಕ್ಕ ಮತ್ತು ಔಟ್‌ಟರ್ನ್ ತಾಳೆ, ಜಿಎಸ್‌ಟಿ ರಿಟರ್ನ್, ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್, ಟ್ಯಾಲಿ, ಮತ್ತು ನಾಲ್ಕು ಜನ ಸಿಬ್ಬಂದಿಯನ್ನು ನೋಡಿಕೊಳ್ಳುವುದು. ಔಟ್‌ಟರ್ನ್ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳೆಗಾರರು ತಂದುಕೊಟ್ಟ ಪಾರ್ಚ್‌ಮೆಂಟ್ ಅಥವಾ ಚೆರಿಯನ್ನು ಸಿಪ್ಪೆ ತೆಗೆದು ಗ್ರೇಡ್ ಮಾಡಿದ ಮೇಲೆ ಎಷ್ಟು ಕೆಜಿ ಕ್ಲೀನ್ ಕಾಫಿ ಬಂತು ಎಂಬ ಲೆಕ್ಕ ಅದು. ಬೆಳೆಗಾರರಿಗೆ ಸಿಗುವ ದುಡ್ಡು ಇದರ ಮೇಲೆ ನಿಂತಿರುತ್ತದೆ. ಜಗಳ ಬರುವುದೂ ಇಲ್ಲೇ. ಹಾಗಾಗಿ ಈ ತಾಳೆ ನೋಡಲು ಬರುವವರನ್ನು ಕ್ಯೂರಿಂಗ್ ವರ್ಕ್ಸ್‌ನವರು ಹುಡುಕಿಕೊಂಡು ಹೋಗುತ್ತಾರೆ.

ಈಗ ಕತ್ತರಿ ಹಾಕೋಣ. ಸುಲಭದ್ದರಿಂದ ಶುರು ಮಾಡುವುದು ಒಳ್ಳೆಯದು, ಕೈ ಪಳಗುತ್ತದೆ.

ಐದನೇ ಪುಟ ಪೂರ್ತಿ ಹೋಗುತ್ತದೆ. ಅದರಲ್ಲಿ ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಆಧಾರ್ ನಂಬರ್, ಹವ್ಯಾಸ, ಮತ್ತು "ಮೇಲಿನ ವಿವರಗಳೆಲ್ಲ ಸತ್ಯ ಎಂದು ಘೋಷಿಸುತ್ತೇನೆ" ಎಂಬ ಸಾಲು, ಅದರ ಕೆಳಗೆ ಸ್ಥಳ, ದಿನಾಂಕ, ಸಹಿ. ಖಾಸಗಿ ಕೆಲಸಕ್ಕೆ ಇದ್ಯಾವುದೂ ಬೇಡ. ಆಧಾರ್ ನಂಬರನ್ನಂತೂ ಹಾಕಲೇಬಾರದು. ರೆಸ್ಯೂಮ್ ಯಾರ ಯಾರ ವಾಟ್ಸಾಪಿಗೆ ಹೋಗುತ್ತದೋ ಯಾರಿಗೆ ಗೊತ್ತು. ಕೆಲಸಕ್ಕೆ ಸೇರುವಾಗ ಕೇಳುತ್ತಾರೆ, ಆಗ ಕೊಟ್ಟರೆ ಆಯಿತು. ಮೊದಲ ಪುಟದ ಮೇಲೆ ಇರುವ "ನನ್ನ ಪ್ರತಿಭೆಯನ್ನು ಸಂಸ್ಥೆಯ ಬೆಳವಣಿಗೆಗೆ ಬಳಸಲು ಇಚ್ಛಿಸುತ್ತೇನೆ" ಎಂಬ ಗುರಿಯೂ ಹೋಗಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳ ಟೇಬಲ್ ಹೋಗಿ ಬಿ.ಕಾಂ. ಮಾತ್ರ ಒಂದು ಸಾಲಿನಲ್ಲಿ ಉಳಿಯಲಿ. ಇಪ್ಪತ್ತು ವರ್ಷ ಲೆಕ್ಕ ಬರೆದವರ ಹತ್ತನೇ ಕ್ಲಾಸಿನ ಗಣಿತದ ಅಂಕ ಯಾರೂ ನೋಡುವುದಿಲ್ಲ. ಈಗ ತಾನೇ ಕಾಲೇಜು ಮುಗಿಸಿದವರ ವಿಷಯ ಬೇರೆ, ಅವರ ಹತ್ತಿರ ತೋರಿಸಲು ಇರುವುದೇ ಅದು.

ಕಂಪ್ಯೂಟರ್ ಜ್ಞಾನ ಎಂಬ ತಲೆಬರಹದ ಕೆಳಗೆ ವಿಂಡೋಸ್ 98 ಇನ್ನೂ ಇದೆ. ಟ್ಯಾಲಿಯ ಮೂರು ಬೇರೆ ಬೇರೆ ಹಳೇ ಆವೃತ್ತಿಗಳೂ ಇವೆ. "ಟ್ಯಾಲಿಪ್ರೈಮ್, ಎಕ್ಸೆಲ್" ಎಂದರೆ ಸಾಕು. ವ್ಯಾಟ್ ರಿಟರ್ನ್ ತುಂಬಿದ ಅನುಭವವೂ ಇದೇ ಸಾಲಿನದು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದಾದ ಮೇಲೆ ವ್ಯಾಪಾರಿಯ ಗೋಡೌನಿನಲ್ಲಿ ಇವರು ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕಿದ್ದಾರೆ, ಜಾಹೀರಾತಿನಲ್ಲಿ ಕೇಳಿರುವುದೂ ಅದನ್ನೇ. ಹಳೆಯದು ತೆಗೆದರೆ ಹೊಸದು ಎದ್ದು ಕಾಣುತ್ತದೆ.

ಆದರೆ ಒಂದು ಸಾಲಿನ ಹತ್ತಿರ ಕೈ ತಡೆಯಬೇಕು. ಬಹಳ ರೆಸ್ಯೂಮ್‌ಗಳಲ್ಲಿ "ಗೊತ್ತಿರುವ ಭಾಷೆಗಳು" ಎಂಬುದು ಸುಮ್ನೆ ಜಾಗ ತುಂಬುವ ಸಾಲು. ಇಲ್ಲಿ ಹಾಗಲ್ಲ. ಇವರಿಗೆ ಕನ್ನಡ, ತುಳು, ತಮಿಳು, ಹಿಂದಿ ಬರುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಮಾಲಿ, ಲೋಡಿಂಗ್ ಮಾಡುವವರಲ್ಲಿ, ಎಸ್ಟೇಟ್ ಕೂಲಿಗಳಲ್ಲಿ ಹೊರಗಿನಿಂದ ಬಂದವರು ಇರುತ್ತಾರೆ. ಸಂಬಳದ ಲೆಕ್ಕದಲ್ಲಿ ಗಲಾಟೆ ಆದಾಗ ಅವರ ಭಾಷೆಯಲ್ಲಿ ಹೇಳಿ ತಿಳಿಸುವ ಮನುಷ್ಯ ಮ್ಯಾನೇಜರಿಗೆ ತುಂಬಾ ಬೇಕಾದವನು. ಸಾಲು ಉಳಿಯುತ್ತದೆ. ಯಾವ ತಲೆಬರಹದ ಕೆಳಗೆ ಇದೆ ಎಂದು ನೋಡಿ ಕತ್ತರಿಸಬೇಡಿ, ಈ ಕೆಲಸಕ್ಕೆ ಏನು ಮಾಡುತ್ತದೆ ಎಂದು ನೋಡಿ.

ಇಷ್ಟಕ್ಕೆ ನಾಲ್ಕು ಪುಟದ ಒಳಗೆ ಬಂದಿದೆ. ಮುಂದೆ ನಿಜವಾದ ಕೆಲಸ ಇದೆ: ಮೂರು ಎಸ್ಟೇಟ್.

ಮೂಲದಲ್ಲಿ ಪ್ರತಿ ಎಸ್ಟೇಟಿಗೂ ಅರ್ಧ ಪುಟ. ಸಕಲೇಶಪುರದ ಎಸ್ಟೇಟಿನ ಕೆಳಗೆ ಬರೆದದ್ದು ಹೀಗೆ ಹೋಗುತ್ತದೆ: ಕಾರ್ಮಿಕರ ಹಾಜರಿ ನೋಡಿಕೊಳ್ಳುವುದು, ಬಟವಾಡೆ ಪಟ್ಟಿ ಸಿದ್ಧ ಮಾಡುವುದು, ಕೊಯ್ಲಿನ ತೂಕ ದಾಖಲಿಸುವುದು, ಪಿಎಫ್ ಕಟ್ಟುವುದು, ಗೊಬ್ಬರ ಮತ್ತು ಡೀಸೆಲ್ ಸ್ಟಾಕ್ ರಿಜಿಸ್ಟರ್, ಮೆಣಸು ಮಾರಾಟದ ಲೆಕ್ಕ, ಕ್ಯೂರಿಂಗ್ ವರ್ಕ್ಸ್ ಜೊತೆ ವ್ಯವಹಾರ, ಮಾಲೀಕರು ಹೇಳಿದ ಇತರ ಕೆಲಸಗಳು. ಬಣಕಲ್, ಆಲ್ದೂರಿನ ಕೆಳಗೂ ಬಹುತೇಕ ಇದೇ, ಅದೇ ಕ್ರಮದಲ್ಲಿ. ಓದುವವರು ಮೊದಲನೆಯದನ್ನು ಓದುತ್ತಾರೆ, ಎರಡನೆಯದರ ಮೇಲೆ ಕಣ್ಣಾಡಿಸುತ್ತಾರೆ, ಮೂರನೆಯದನ್ನು ಹಾರಿಸುತ್ತಾರೆ.

ಒಂದೇ ಥರದ ಕೆಲಸಗಳನ್ನು ಸೇರಿಸುವಾಗ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಸೇರಿಸುವುದು ಕೆಲಸದ ವಿವರಣೆಯನ್ನು. ಮಾಲೀಕರನ್ನಲ್ಲ, ತಾರೀಖುಗಳನ್ನಲ್ಲ. "2006ರಿಂದ 2017, ವಿವಿಧ ಎಸ್ಟೇಟುಗಳಲ್ಲಿ ರೈಟರ್" ಎಂದು ಬರೆದು ಬಿಟ್ಟರೆ ಜಾಗ ಉಳಿಯುತ್ತದೆ ನಿಜ, ಆದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಮೂರು ಎಸ್ಟೇಟಿನ ಹೆಸರು, ಊರು, ವರ್ಷ, ಅಲ್ಲಿನ ಹುದ್ದೆ, ಇವು ಒಂದೊಂದು ಸಾಲಿನಲ್ಲಿ ಇರಲೇಬೇಕು. ಕೆಳಗಿನ ವಿವರಣೆ ಮಾತ್ರ ಒಂದೇ ಸಲ.

ಇದಕ್ಕೆ ಇನ್ನೂ ಒಂದು ಗಟ್ಟಿ ಕಾರಣ ಇದೆ. ಪಿಎಫ್ ಇದ್ದ ಕೆಲಸವಾದರೆ ನಿಮ್ಮ ಯುಎಎನ್ ಖಾತೆಯಲ್ಲಿ ಸರ್ವಿಸ್ ಹಿಸ್ಟರಿ ಎಂಬ ಪುಟ ಇರುತ್ತದೆ. ಅದಕ್ಕೆ ಜೋಡಿಸಿದ ಒಬ್ಬೊಬ್ಬ ಮಾಲೀಕರ ಹೆಸರು, ಸೇರಿದ ದಿನ, ಬಿಟ್ಟ ದಿನ ಅಲ್ಲಿ ಕಾಣುತ್ತದೆ. ದೊಡ್ಡ ಸಂಸ್ಥೆಗಳು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಇದನ್ನು ತೋರಿಸಿ ಎನ್ನುವುದು ಈಗ ಮಾಮೂಲಿ. ರೆಸ್ಯೂಮಿನಲ್ಲಿ ಎರಡು ಎಸ್ಟೇಟನ್ನು ಒಂದು ಮಾಡಿದ್ದು, ಅಥವಾ ನಡುವಿನ ಆರು ತಿಂಗಳ ಖಾಲಿಯನ್ನು ನುಂಗಿದ್ದು, ಅಲ್ಲಿ ತಾಳೆ ಬೀಳುವುದಿಲ್ಲ. ಆಮೇಲೆ ಎಷ್ಟು ವಿವರಣೆ ಕೊಟ್ಟರೂ ಪ್ರಯೋಜನ ಇಲ್ಲ. ಹಾಗಾಗಿ ಕತ್ತರಿಸಲು ಕೂರುವ ಮೊದಲೇ ಆ ಪುಟ ತೆರೆದು ತಾರೀಖು ಸರಿ ನೋಡಿಕೊಳ್ಳಿ. ಅನುಭವ ಪತ್ರದಲ್ಲಿ "ರೈಟರ್" ಎಂದಿದ್ದರೆ ರೆಸ್ಯೂಮಿನಲ್ಲೂ ರೈಟರ್ ಎಂದೇ ಇರಲಿ. ಮೂರನ್ನೂ ಸೇರಿಸಿ ಮೇಲೆ "ಅಕೌಂಟ್ಸ್ ಆಫೀಸರ್" ಎಂದು ಬೋರ್ಡ್ ಹಾಕುವ ಆಸೆ ಬರುತ್ತದೆ. ಬೇಡ.

ಸೇರಿಸಿದ ಮೇಲೆ ನಮ್ಮವರ ಹನ್ನೊಂದು ವರ್ಷ ಹೀಗೆ ಕಾಣುತ್ತದೆ:

ಎಸ್ಟೇಟ್ ರೈಟರ್, ನಂತರ ಹಿರಿಯ ರೈಟರ್, 2006–2017
ಸಕಲೇಶಪುರ ಬಳಿಯ ಎಸ್ಟೇಟ್, ಹಿರಿಯ ರೈಟರ್, 2013–2017
ಆಲ್ದೂರು ಬಳಿಯ ಎಸ್ಟೇಟ್, ರೈಟರ್, 2010–2013
ಬಣಕಲ್ ಬಳಿಯ ಎಸ್ಟೇಟ್, ರೈಟರ್, 2006–2010

- ಸಕಲೇಶಪುರ: ಕ್ಯೂರಿಂಗಿಗೆ ಕಳಿಸಿದ ಕಾಫಿಯ ತೂಕವನ್ನು ಅಲ್ಲಿಂದ ಬಂದ ಔಟ್‌ಟರ್ನ್ ಜೊತೆ ಪ್ರತಿ ಸೀಸನ್ ತಾಳೆ ನೋಡಿ, ವ್ಯತ್ಯಾಸ ಬಂದದ್ದನ್ನು ಬಗೆಹರಿಸಿದ್ದು.
- ಸಕಲೇಶಪುರ: ಮೂರು ಡಿವಿಷನ್, 140 ಕಾರ್ಮಿಕರ ಬಟವಾಡೆ, ಇಬ್ಬರು ಕಿರಿಯ ರೈಟರ್‌ಗಳ ಮೇಲ್ವಿಚಾರಣೆ.
- ಆಲ್ದೂರು: ಕೈಬರಹದ ಲೆಕ್ಕವನ್ನು ಟ್ಯಾಲಿಗೆ ತಂದದ್ದು.
- ಮೂರೂ ಕಡೆ: ಹಾಜರಿ, ಬಟವಾಡೆ, ಪಿಎಫ್, ಕೊಯ್ಲಿನ ತೂಕ, ಸ್ಟಾಕ್ ಲೆಕ್ಕ.

ಒಂದೂವರೆ ಪುಟ ಇದ್ದದ್ದು ಎಂಟು ಸಾಲಿಗೆ ಬಂತು. ಮೊದಲ ವಿವರಣೆಯ ಸಾಲನ್ನು ಇನ್ನೊಮ್ಮೆ ನೋಡಿ. ಹಳೆಯ ರೆಸ್ಯೂಮಿನಲ್ಲಿ ಅದು "ಕ್ಯೂರಿಂಗ್ ವರ್ಕ್ಸ್ ಜೊತೆ ವ್ಯವಹಾರ" ಎಂಬ ಮೂರು ನಾಲ್ಕು ಪದವಾಗಿ, ಡೀಸೆಲ್ ಮತ್ತು ಮೆಣಸಿನ ನಂತರ ಎಲ್ಲೋ ಹೂತು ಹೋಗಿತ್ತು. ಹಾಸನದವರು ಹುಡುಕುತ್ತಿರುವುದೇ ಅದು. ಬೆಳೆಗಾರರ ಕಡೆ ಕೂತು ಔಟ್‌ಟರ್ನ್ ಪ್ರಶ್ನೆ ಮಾಡಿದವರಿಗೆ, ಕ್ಯೂರಿಂಗ್ ಕಡೆ ಕೂತಾಗ ಬೆಳೆಗಾರರು ಏನು ಕೇಳುತ್ತಾರೆ ಎಂದು ಮೊದಲೇ ಗೊತ್ತಿರುತ್ತದೆ. ಪುಟ ಉಳಿಸುವುದು ಒಂದು ಲಾಭ. ಒಂದೇ ಮಾತು ಮೂರು ಸಲ ಬರುವುದು ನಿಂತಾಗ, ಒಂದೇ ಸಲ ಇದ್ದ ಬೆಲೆಬಾಳುವ ಮಾತು ಮೇಲೆ ಬರುತ್ತದೆ. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಇದೇ.

ಸೇರಿಸುವಾಗ ತಪ್ಪುವುದು ಎಲ್ಲಿ ಎಂದರೆ, ಬಡ್ತಿ ಮುಚ್ಚಿ ಹೋಗುವಲ್ಲಿ. ಮೂರೂ ಕಡೆ "ರೈಟರ್" ಎಂದು ಒಂದೇ ಬಣ್ಣ ಬಳಿದರೆ ಇವರು ಹನ್ನೊಂದು ವರ್ಷ ಇದ್ದಲ್ಲೇ ಇದ್ದರು ಎಂದು ಅನಿಸುತ್ತದೆ. ಅದಕ್ಕೇ ತಲೆಬರಹದಲ್ಲಿ "ನಂತರ ಹಿರಿಯ ರೈಟರ್" ಎಂದು ಇದೆ, ಇಬ್ಬರು ಕಿರಿಯರ ಮೇಲ್ವಿಚಾರಣೆ ಎಂಬ ಸಾಲಿದೆ. ಜವಾಬ್ದಾರಿ ತೀರಾ ಬದಲಾಗಿದ್ದರೆ ಸೇರಿಸಲೇಬಾರದು. ನಾಲ್ಕನೇ, ಐದನೇ ಕೆಲಸಗಳನ್ನು, ಅಂದರೆ ವ್ಯಾಪಾರಿಯ ಗೋಡೌನ್ ಮತ್ತು ಈಗಿನ ಕ್ಯೂರಿಂಗ್ ವರ್ಕ್ಸ್, ಎರಡೂ ಕಾಫಿ ಲೆಕ್ಕವೇ ಅಲ್ವಾ ಎಂದು ಸೇರಿಸಬಹುದಿತ್ತು. ಆದರೆ ಗೋಡೌನಿನಲ್ಲಿ ಇವರು ಖರೀದಿ ಬಿಲ್ ಮತ್ತು ಜಿಎಸ್‌ಟಿ ನೋಡಿದರು, ಇಲ್ಲಿ ಔಟ್‌ಟರ್ನ್ ಸ್ಟೇಟ್‌ಮೆಂಟ್ ಮತ್ತು ಬ್ಯಾಂಕ್ ಸ್ಟಾಕ್ ನೋಡುತ್ತಿದ್ದಾರೆ. ಜಾಹೀರಾತಿನ ಎರಡು ಬೇರೆ ಬೇಡಿಕೆಗೆ ಎರಡು ಬೇರೆ ಉತ್ತರ. ಹಾಗಾಗಿ ಬೇರೆ ಬೇರೆಯೇ ಇರಲಿ, ಜಾಗವೂ ಧಾರಾಳ ಸಿಗಲಿ. ಈಗಿನ ಕೆಲಸಕ್ಕೆ ಮೂಲದಲ್ಲಿ ಆರು ಸಾಲು ಇತ್ತು, ಅದನ್ನು ಎಂಟು ಒಂಬತ್ತಕ್ಕೆ ಬೆಳೆಸಿದೆವು. ಬ್ಯಾಂಕಿನ ಯಾವ ಸಾಲದ ಮಿತಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ, ಎಷ್ಟು ಬೆಳೆಗಾರರ ಖಾತೆ ನೋಡುತ್ತಾರೆ, ಸೀಸನ್ನಿನಲ್ಲಿ ದಿನಕ್ಕೆ ಎಷ್ಟು ಚೀಲ ಒಳಗೆ ಬರುತ್ತದೆ, ಇದೆಲ್ಲ ಮೂಲದಲ್ಲಿ ಇರಲೇ ಇಲ್ಲ. ರೆಸ್ಯೂಮ್ ಕಡಿಮೆ ಮಾಡುವಾಗ ಕೆಲವು ಕಡೆ ಬೆಳೆಸಬೇಕಾಗುತ್ತದೆ ಎಂದರೆ ಜನ ನಂಬುವುದಿಲ್ಲ.

ಇನ್ನು ಹಳೇ ಕೆಲಸಗಳು. 2003ರ ಕಂಪ್ಯೂಟರ್ ಸೆಂಟರ್, ಸಿಮ್ ವಸೂಲಿ. ಹತ್ತು ಹದಿನೈದು ವರ್ಷಕ್ಕಿಂತ ಹಿಂದಿನದ್ದು ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಸುಮಾರಾಗಿ ಸರಿಯಾದ ಮಾತು. ಆದರೆ ಪೂರ್ತಿ ತೆಗೆದರೆ ಏನಾಗುತ್ತದೆ ನೋಡಿ. ಬಿ.ಕಾಂ. 2003ರಲ್ಲಿ ಮುಗಿದಿದೆ, ಮೊದಲ ಕೆಲಸ 2006ರಲ್ಲಿ ಶುರು ಆಗಿದೆ. ಮೂರು ವರ್ಷ ಏನು ಮಾಡುತ್ತಿದ್ದರು? ಇಲ್ಲದ ಪ್ರಶ್ನೆಯನ್ನು ನಾವೇ ಹುಟ್ಟಿಸಿದ ಹಾಗೆ. ಅದಕ್ಕೆ ಕೊನೆಯಲ್ಲಿ ಒಂದೇ ಒಂದು ಸಾಲು ಸಾಕು: "ಇದಕ್ಕೂ ಮೊದಲು, 2003–2006: ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಬೋಧಕ, ನಂತರ ವಿತರಣಾ ಸಂಸ್ಥೆಯಲ್ಲಿ ವಸೂಲಿ ಕೆಲಸ." ವಿವರಣೆ ಏನೂ ಬೇಡ. ಪದವಿಯ ವರ್ಷವನ್ನೇ ತೆಗೆದುಬಿಟ್ಟರೆ ಈ ತೊಂದರೆ ಇಲ್ಲ, ವಯಸ್ಸೂ ಕಾಣುವುದಿಲ್ಲ ಎನ್ನುವವರಿದ್ದಾರೆ. ನಮ್ಮ ಕಡೆ ಸಣ್ಣ ಸಂಸ್ಥೆಗಳಲ್ಲಿ ಫೋನಿನಲ್ಲೇ ಮೊದಲು ಕೇಳುವುದು "ಯಾವ ವರ್ಷ ಡಿಗ್ರಿ ಆಯ್ತು?" ಎಂದು. ಮುಚ್ಚಿಟ್ಟು ಪ್ರಯೋಜನ ಕಡಿಮೆ.

ಹಳೆಯದು ಎಂಬ ಕಾರಣಕ್ಕೇ ಯಾವ ಕೆಲಸವೂ ಬೇಡದ್ದು ಆಗುವುದಿಲ್ಲ. ಇದೇ ಮನುಷ್ಯ ನಾಳೆ ಹಾಸನದ ಒಂದು ತರಬೇತಿ ಕೇಂದ್ರಕ್ಕೆ ಟ್ಯಾಲಿ ಹೇಳಿಕೊಡುವ ಕೆಲಸಕ್ಕೆ ಅರ್ಜಿ ಹಾಕಿದರೆ, 2003ರ ಬೋಧಕ ಕೆಲಸಕ್ಕೆ ನಾಲ್ಕು ಸಾಲು ಸಿಗಬೇಕು, ಮೇಲೆ ಬರಬೇಕು. ಕೊಯ್ಲಿನ ತೂಕ ಆಗ ಬೇಡದ್ದಾಗುತ್ತದೆ. ಈ ಕಾರಣಕ್ಕೆ ಐದು ಪುಟದ ಮೂಲವನ್ನು ಅಳಿಸಬೇಡಿ. ಅದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಯಾರಿಗೂ ಕಳಿಸಬೇಡಿ. ಪ್ರತಿ ಕೆಲಸಕ್ಕೂ ಅದರ ನಕಲು ತೆಗೆದು ಅದರಿಂದ ಕತ್ತರಿಸಿ. ಹಾಗೆ ಒಂದು ಮೂಲ ಸುರಕ್ಷಿತವಾಗಿದೆ ಎಂದು ಗೊತ್ತಿದ್ದರೆ ಕತ್ತರಿಸಲು ಸಂಕಟವೂ ಕಡಿಮೆ.

ಈಗ ಎರಡು ಪುಟದ ಮೇಲೆ ಏಳೆಂಟು ಸಾಲು ಜಾಸ್ತಿ ಇದೆ. ಇಲ್ಲೇ ಎಲ್ಲರೂ ಅಕ್ಷರವನ್ನು ಚಿಕ್ಕದು ಮಾಡುವುದು, ಅಂಚನ್ನು ಎಳೆಯುವುದು. ರೆಸ್ಯೂಮ್ ಓದುವವರು ಈಗ ಹೆಚ್ಚಿನ ಸಲ ಫೋನಿನಲ್ಲೇ ನೋಡುತ್ತಾರೆ. ಎಂಟರ ಅಳತೆಯ ಅಕ್ಷರವನ್ನು ಅಲ್ಲಿ ಬೆರಳಿನಿಂದ ಎಳೆದು ಎಳೆದು ಓದಬೇಕು, ಯಾರು ಓದುತ್ತಾರೆ? ಹತ್ತೂವರೆ ಹನ್ನೊಂದಕ್ಕಿಂತ ಕೆಳಗೆ ಇಳಿಯಬೇಡಿ. ಬದಲಿಗೆ ವಾಕ್ಯಗಳಲ್ಲಿ ಕೈಯಾಡಿಸಿ. "ಕಾರ್ಮಿಕರ ಹಾಜರಿಯನ್ನು ಸಮರ್ಪಕವಾಗಿ ನಿರ್ವಹಿಸುವ ಜವಾಬ್ದಾರಿಯನ್ನು ಹೊಂದಿದ್ದೆ" ಎಂಬುದು "140 ಕಾರ್ಮಿಕರ ಹಾಜರಿ" ಆಗಬಹುದು. ಪದ ಕಡಿಮೆ ಆಯಿತು, ವಿಷಯ ಜಾಸ್ತಿ ಆಯಿತು. ಕೊನೆಯ ಎರಡು ಪದ ಮಾತ್ರ ಮುಂದಿನ ಸಾಲಿಗೆ ಬಿದ್ದಿರುವ ವಾಕ್ಯಗಳನ್ನು ಹುಡುಕಿ. ಅಂಥದ್ದು ಏಳೆಂಟು ಸಿಕ್ಕೇ ಸಿಗುತ್ತವೆ, ಒಂದೊಂದರಲ್ಲೂ ಒಂದೆರಡು ಪದ ತೆಗೆದರೆ ಒಂದು ಸಾಲು ಉಳಿಯುತ್ತದೆ.

ಜಾಸ್ತಿ ಕತ್ತರಿಸಿಬಿಟ್ಟೆವಾ ಎಂದು ತಿಳಿಯುವುದು ಹೇಗೆ? ನಿಮ್ಮ ಕೆಲಸದ ಪರಿಚಯ ಇಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು ಅರ್ಧ ನಿಮಿಷ ಓದಿಸಿ. ವಾಪಸ್ ತೆಗೆದುಕೊಂಡು, ಈ ಮನುಷ್ಯ ಯಾವ ಕೆಲಸ ಎಷ್ಟು ದೊಡ್ಡ ಮಟ್ಟದಲ್ಲಿ ಮಾಡಿದ್ದಾನೆ ಎಂದು ಕೇಳಿ. "ಕಾಫಿ ಲೆಕ್ಕ, ಕ್ಯೂರಿಂಗ್ ಗೊತ್ತು, ಜನರನ್ನು ನೋಡಿಕೊಂಡಿದ್ದಾನೆ" ಎಂದು ಬಂದರೆ ಸರಿ ಇದೆ. "ಏನೋ ಅಕೌಂಟ್ಸು" ಎಂದು ಬಂದರೆ ಸಂಖ್ಯೆಗಳೂ ಹೆಸರುಗಳೂ ಕತ್ತರಿಗೆ ಹೋಗಿವೆ, ಒಂದೆರಡನ್ನು ವಾಪಸ್ ತನ್ನಿ. ಒಂದೇ ಪುಟಕ್ಕೆ ತರಲೇಬೇಕು ಎಂದು ಹಟ ಹಿಡಿದವರಲ್ಲಿ ಇದು ಹೆಚ್ಚು. ಇಪ್ಪತ್ತು ವರ್ಷದ ಅನುಭವಕ್ಕೆ ಎರಡು ಪುಟ ಸರಿಯಾದ ಅಳತೆ. ಒಂದು ಪುಟ ಹೊಸಬರಿಗೆ.

ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ. ವರ್ಡ್ ಫೈಲ್ ಬೇರೆ ಫೋನಿನಲ್ಲಿ ತೆರೆದರೆ ಎರಡು ಪುಟ ಎರಡೂವರೆ ಆಗಬಹುದು. ಕಷ್ಟಪಟ್ಟು ಉಳಿಸಿದ ಸಾಲೆಲ್ಲ ಮೂರನೇ ಪುಟಕ್ಕೆ ಹೋಗಿ ಕೂರುತ್ತದೆ.

ಇಷ್ಟೂ ಹೇಳಿದ್ದು ಖಾಸಗಿ ಕೆಲಸದ ಬಗ್ಗೆ. ಸರ್ಕಾರಿ, ಬ್ಯಾಂಕ್ ಅಥವಾ ಸಹಕಾರ ಸಂಘದ ನೇಮಕಾತಿಯಲ್ಲಿ ಅವರದ್ದೇ ಅರ್ಜಿ ನಮೂನೆ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕ, ಜಾತಿ, ತಂದೆಯ ಹೆಸರು, ಘೋಷಣೆ, ಸಹಿ ಎಲ್ಲವನ್ನೂ ಅಲ್ಲಿ ಕೇಳಿದ ಹಾಗೇ ತುಂಬಬೇಕು. ಅನುಭವದ ಕಾಲಂನಲ್ಲಿ ಪ್ರತಿ ಕೆಲಸವನ್ನೂ ಬೇರೆ ಬೇರೆಯಾಗಿ, ತಾರೀಖಿನ ಸಮೇತ ಬರೆಯಬೇಕು, ಬಣಕಲ್ ಮತ್ತು ಆಲ್ದೂರನ್ನು ಅಲ್ಲಿ ಸೇರಿಸುವ ಹಾಗಿಲ್ಲ. ಆಗ ಹುಡುಕಬೇಕಾದದ್ದು ಅಳಿಸದೆ ಇಟ್ಟುಕೊಂಡ ಆ ಐದು ಪುಟದ ಫೈಲನ್ನು.